ಕಳುವಾದ ಸರಕಿಗೆ ಜಿಎಸ್‌ಟಿ ನೋಟಿಸ್: ಎಷ್ಟು ಕಟ್ಟಬೇಕು?

ಅಂಗಡಿಯಲ್ಲಿ ಕಳವಾಗಿದೆ, ಪೊಲೀಸರಿಗೆ ದೂರು ಕೊಟ್ಟಾಗಿದೆ, ಲೆಕ್ಕದಲ್ಲೂ ನಷ್ಟ ಬರೆದಾಗಿದೆ. ಮತ್ತೇಕೆ ತೆರಿಗೆ ಎಂದು ಹಲವರು ಎಫ್‌ಐಆರ್ ಪ್ರತಿಯೊಂದನ್ನೇ ಉತ್ತರವಾಗಿ ಕಳಿಸಿಬಿಡುತ್ತಾರೆ. ಅದರಿಂದ ಉಪಯೋಗವಿಲ್ಲ. ಜಿಎಸ್‌ಟಿ ಕಾಯ್ದೆಯ 17(5)ನೇ ಕಲಮಿನ ಪ್ರಕಾರ ಕಳೆದುಹೋದ, ಕಳುವಾದ, ನಾಶವಾದ ಸರಕಿಗೂ ಸ್ವಂತಕ್ಕೆ ಬಳಸಿದ್ದಕ್ಕೂ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ. ಎಫ್‌ಐಆರ್ ಕಳವಿನ ದೂರಿಗೆ ದಾಖಲೆಯಾಗುತ್ತದೆ, ಕ್ರೆಡಿಟ್ ಉಳಿಸುವುದಿಲ್ಲ.

ಪರಿಶೀಲನೆಯ ನೋಟಿಸ್ ASMT-10 ನಮೂನೆಯಲ್ಲಿ ಪೋರ್ಟಲ್‌ನ `View Additional Notices/Orders` ಪುಟಕ್ಕೆ ಬರುತ್ತದೆ. ಉತ್ತರ ASMT-11ರಲ್ಲಿ, ನೋಟಿಸಿನಲ್ಲಿ ಹೇಳಿದ ಗಡುವಿನೊಳಗೆ.

ಜನ ಎಡವುವುದು ಮೊತ್ತದಲ್ಲಿ. ಲಾಭ-ನಷ್ಟ ಪಟ್ಟಿಯಲ್ಲಿ 'ಕಳವಿನ ನಷ್ಟ' ಎಂದು ಕಂಡ ಮೊತ್ತಕ್ಕೆ ಅಧಿಕಾರಿ ನೇರವಾಗಿ ತೆರಿಗೆ ದರ ಹಾಕಿರುತ್ತಾರೆ. ವ್ಯಾಪಾರಿ ಹೆದರಿ ಅಷ್ಟನ್ನೂ ಕಟ್ಟಿಬಿಡುತ್ತಾನೆ. ಎಲೆಕ್ಟ್ರಿಕಲ್ ಅಂಗಡಿಯೊಂದರ ಲೆಕ್ಕ ನೋಡಿ. ನಷ್ಟವೆಂದು ಬರೆದದ್ದು 3,00,000 ರೂಪಾಯಿ, ಶೇ 18ರಂತೆ ನೋಟಿಸ್ ಕೇಳಿದ್ದು 54,000. ಬಿಡಿಸಿ ನೋಡಿದರೆ ಅದರಲ್ಲಿ 50,000 ಗಲ್ಲಾಪೆಟ್ಟಿಗೆಯ ನಗದು. ಇನ್ನೊಂದು 50,000 ಕಾಂಪೋಸಿಷನ್ ವ್ಯಾಪಾರಿಯಿಂದ ತಂದ ಮಾಲು, ಅದಕ್ಕೆ ಕ್ರೆಡಿಟ್ಟೇ ಪಡೆದಿರಲಿಲ್ಲ. ಉಳಿದ 2,00,000 ರೂಪಾಯಿಯ ವೈರ್ ಮತ್ತು ಸ್ವಿಚ್‌ಗಳ ಮೇಲೆ ಪಡೆದ ಕ್ರೆಡಿಟ್ 36,000. ವಾಪಸ್ ಮಾಡಬೇಕಾದದ್ದು ಇಷ್ಟೇ. ಪಡೆಯದ ಕ್ರೆಡಿಟ್ಟನ್ನು ಹಿಂದಿರುಗಿಸುವ ಪ್ರಶ್ನೆ ಬರುವುದಿಲ್ಲ. ಲೆಕ್ಕ ಹಿಡಿಯಬೇಕಾದದ್ದು ಖರೀದಿ ಬಿಲ್ಲಿನಿಂದ, ಮಾರಾಟ ಬೆಲೆಯಿಂದಲ್ಲ. ಸರಕಿನ ಹೆಸರು, ಸಂಖ್ಯೆ, ಬಿಲ್ ನಂಬರ್, ಪಡೆದ ಕ್ರೆಡಿಟ್ ಇರುವ ಒಂದು ಪಟ್ಟಿ ಮಾಡಿ ಉತ್ತರಕ್ಕೆ ಲಗತ್ತಿಸಿ. ಸ್ಟಾಕ್ ಪುಸ್ತಕದಲ್ಲಿ ಕಳುವಾದ ಸರಕನ್ನು ಬೇರೆಯಾಗಿ ಬರೆದಿಡಬೇಕೆಂದು ನಿಯಮವೇ ಇದೆ. ಅದನ್ನು ಬರೆಯದವರಿಗೆ ಈ ಪಟ್ಟಿ ಮಾಡುವುದು ಕಷ್ಟ.

ಬಡ್ಡಿಯಲ್ಲೂ ಹೀಗೆಯೇ. ಶೇ 18ರ ಬಡ್ಡಿ ಬೀಳುವುದು ತಪ್ಪಾದ ಕ್ರೆಡಿಟ್ಟನ್ನು ಬಳಸಿಕೊಂಡಿದ್ದರೆ ಮಾತ್ರ. ಕ್ರೆಡಿಟ್ ಲೆಡ್ಜರಿನ ಬಾಕಿ 36,000ಕ್ಕಿಂತ ಕೆಳಗೆ ಇಳಿದೇ ಇಲ್ಲದಿದ್ದರೆ ಬಡ್ಡಿಯಿಲ್ಲ. 20,000ಕ್ಕೆ ಇಳಿದಿದ್ದರೆ 16,000ದ ಮೇಲಷ್ಟೇ. ಆದ್ದರಿಂದ ಲೆಡ್ಜರಿನ ಪ್ರತಿಯನ್ನೂ ಜೊತೆಗಿಡಿ.

ಒಪ್ಪಿದ ಮೊತ್ತವನ್ನು DRC-03ರಲ್ಲಿ ಕಟ್ಟಿ, ಅದರ ನಂಬರನ್ನು ಉತ್ತರದಲ್ಲಿ ಬರೆಯಿರಿ. ಬಡ್ಡಿಯನ್ನು ನಗದು ಲೆಡ್ಜರಿನಿಂದಲೇ ಕಟ್ಟಬೇಕು. DRC-03ರಲ್ಲಿ ಕಟ್ಟಿದ ಕ್ರೆಡಿಟ್ಟನ್ನು GSTR-3Bಯಲ್ಲಿ ಮತ್ತೊಮ್ಮೆ ಕಳೆಯಬೇಡಿ. ಎರಡು ಸಲ ಕಟ್ಟಿದವರನ್ನು ನೋಡಿದ್ದೇನೆ.

ಸ್ವಂತ ಬಳಕೆಗೆಂದು ಅಂಗಡಿಯಿಂದ ಮನೆಗೆ ಒಯ್ದ ಫ್ಯಾನಿಗೂ ಇದೇ ಲೆಕ್ಕ. ಕಳುವಾದ ಸರಕಿಗೆ ವಿಮೆ ಇದ್ದರೆ, ವಾಪಸ್ ಮಾಡಿದ ಕ್ರೆಡಿಟ್ಟನ್ನೂ ನಷ್ಟಕ್ಕೆ ಸೇರಿಸಿ ಕ್ಲೇಮ್ ಕೇಳಿ.