ಕಾರಿನ ಪರದೆಗೂ ಹಗಲು, ರಾತ್ರಿ ತಿಳಿಯಬೇಕು

ನಮ್ಮ ಮಾಮು ತಮ್ಮ ಹಳೆಯ ಕಾರಿಗೆ ಹೊಸ ಟಚ್‌ಸ್ಕ್ರೀನ್ ಹಾಕಿಸಿದ್ದರು. ಸೊರಬದ ಹತ್ತಿರದ ಒಂದು ಹಳ್ಳಿಗೆ ಮದುವೆಗೆಂದು ಶಿಕಾರಿಪುರದಿಂದ ಹೊರಟಾಗ, ಮ್ಯಾಪ್ ಹಾಕುವ ಕೆಲಸ ಪಕ್ಕದ ಸೀಟಿನಲ್ಲಿದ್ದ ನನಗೆ ಬಂತು.

ಕೇಬಲ್ ಚುಚ್ಚಿದೆ. ಫೋನ್ ಚಾರ್ಜ್ ಆಗತೊಡಗಿತು, ಆದರೆ ಪರದೆಯಲ್ಲಿ ಏನೂ ಬರಲಿಲ್ಲ. ತಪ್ಪು ಕೇಬಲಿನದು. ಯುಎಸ್‌ಬಿ ಕೇಬಲಿನೊಳಗೆ ವಿದ್ಯುತ್ತಿಗೆ ಬೇರೆ ತಂತಿ, ಮಾಹಿತಿಗೆ ಬೇರೆ ತಂತಿ ಇರುತ್ತವೆ. ಅಗ್ಗದ ಕೆಲವು ಕೇಬಲ್‌ಗಳಲ್ಲಿ ಎರಡನೆಯದು ಇರುವುದೇ ಇಲ್ಲ. ಫೋನಿನೊಂದಿಗೆ ಬಂದಿದ್ದ ಕೇಬಲ್ ಹಾಕಿ, ಲಾಕ್ ತೆಗೆದು, ಫೋನ್ ಕೇಳಿದ ಅನುಮತಿಗಳನ್ನು ಕೊಟ್ಟೆ. ಕಾರಿನ ಪರದೆಯಲ್ಲಿ Android Auto ಬಂತು. Maps ತೆರೆದು ಊರಿನ ಹೆಸರು ಕೊಟ್ಟೆ. ಇದೆಲ್ಲ ಕಾರು ನಿಂತಿದ್ದಾಗಲೇ ಆಯಿತು.

ತೊಂದರೆಯಾದದ್ದು ರಾತ್ರಿ ಮರಳುವಾಗ. ಶಿರಾಳಕೊಪ್ಪ ದಾಟುವ ಮೊದಲು, ಹಿಂದೆ ದೀಪವಿಲ್ಲದ ಒಂದು ಟ್ರ್ಯಾಕ್ಟರ್ ಟ್ರೈಲರ್ ಮುಂದಿತ್ತು. ಮಾಮು ಆಗಷ್ಟೇ ತಿರುವು ನೋಡಲು ಬೆಳ್ಳಗೆ ಹೊಳೆಯುತ್ತಿದ್ದ ಮ್ಯಾಪಿನತ್ತ ಕಣ್ಣು ಹಾಯಿಸಿದ್ದರು. ಜೋರಾಗಿ ಬ್ರೇಕ್ ಒತ್ತಿ, ಸ್ವಲ್ಪದರಲ್ಲಿ ಉಳಿದೆವು. "ಒಂದು ಕ್ಷಣ ರಸ್ತೆಯೇ ಕಾಣಲಿಲ್ಲ" ಎಂದರು.

ಕಾರಣ ನಮ್ಮ ಜೀವಶಾಸ್ತ್ರದ ಪಾಠದಲ್ಲೇ ಇದೆ. ಮಂದ ಬೆಳಕಿನಲ್ಲಿ ನೋಡುವ ಕಣ್ಣಿನ ಕೋಶಗಳಲ್ಲಿ ರೋಡಾಪ್ಸಿನ್ ಇರುತ್ತದೆ. ಪ್ರಖರ ಬೆಳಕಿಗೆ ಅದು ಬೇಗ ಒಡೆಯುತ್ತದೆ, ಮತ್ತೆ ಕೂಡಿಕೊಳ್ಳುವುದು ನಿಧಾನ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಕಾರು 2 ಸೆಕೆಂಡಿಗೆ ಸುಮಾರು 33 ಮೀಟರ್ ಓಡಿರುತ್ತದೆ.

ಮರುದಿನ ಸಂಜೆ ಮನೆಯ ಮುಂದೆ ಪರೀಕ್ಷಿಸಿದೆ. ಇಲ್ಲಿ ಎರಡು ಬೇರೆ ವಿಷಯಗಳಿವೆ: ಮ್ಯಾಪಿನ ಬಣ್ಣ ಒಂದು, ಪರದೆಯ ಹೊಳಪು ಇನ್ನೊಂದು. ಫೋನಿನ ಹೊಳಪು ಇಳಿಸಿದರೆ ಕಾರಿನ ಪರದೆ ಮಂಕಾಗುವುದಿಲ್ಲ. ಹೆಡ್‌ಲೈಟ್ ಹಾಕಿದಾಗ ಮ್ಯಾಪ್ ಕಪ್ಪಾಗಬೇಕು, ಪರದೆಯೂ ಮಂಕಾಗಬೇಕು. ನಮ್ಮದರಲ್ಲಿ ಎರಡೂ ಆಗಲಿಲ್ಲ. Android Auto ಸೆಟ್ಟಿಂಗ್ಸ್‌ನಲ್ಲಿ ಮ್ಯಾಪಿನ ಹಗಲು-ರಾತ್ರಿ ಆಯ್ಕೆಯನ್ನು ಸ್ವಯಂಚಾಲಿತಕ್ಕೆ ಇಟ್ಟು ನೋಡಿದೆ. ಆಗಲೂ ಬದಲಾಗಲಿಲ್ಲ. ಅಂದರೆ ದೀಪ ಹತ್ತಿದ ಸುದ್ದಿಯೇ ಪರದೆಗೆ ತಲುಪುತ್ತಿಲ್ಲ.

ಎಲೆಕ್ಟ್ರಿಷಿಯನ್ ಪರದೆ ಬಿಚ್ಚಿದಾಗ ಗುಟ್ಟು ತಿಳಿಯಿತು. ಹಿಂಭಾಗದಲ್ಲಿ ILL ಎಂದು ಬರೆದಿದ್ದ ತಂತಿಯನ್ನು ಯಾವುದಕ್ಕೂ ಜೋಡಿಸದೆ ಟೇಪ್ ಸುತ್ತಿ ಬಿಟ್ಟಿದ್ದರು. ಅದನ್ನು ಪಾರ್ಕಿಂಗ್ ದೀಪದ ತಂತಿಗೆ ಸೇರಿಸಿದರು. ಈಗ ದೀಪ ಹಾಕಿದ ಕೂಡಲೇ ಮ್ಯಾಪ್ ಕಪ್ಪಾಗುತ್ತದೆ, ಹೊಳಪೂ ಇಳಿಯುತ್ತದೆ. ರಾತ್ರಿಯ ಹೊಳಪು ಎಷ್ಟಿರಬೇಕೆಂದು ಪರದೆಯ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ, ಕತ್ತಲಲ್ಲೇ ಕಾರು ನಿಲ್ಲಿಸಿ ಹೊಂದಿಸಿದೆವು. ಅಕ್ಷರ ಓದಲು ಬರಬೇಕು, ಆದರೆ ಮುಂದಿನ ಗಾಜಿನಲ್ಲಿ ಪರದೆಯ ಪ್ರತಿಬಿಂಬ ಹೊಳೆಯಬಾರದು. ಅದೇ ನಮ್ಮ ಅಳತೆ.

ಇದಕ್ಕೂ ಒಂದು ಮಿತಿ ಇದೆ. ಮಳೆಗಾಲದ ಹಗಲಲ್ಲಿ ದೀಪ ಹಾಕಿಕೊಂಡು ಹೋದರೆ, ಪರದೆ ರಾತ್ರಿಯಾಯಿತೆಂದೇ ತಿಳಿದು ಕಾಣದಷ್ಟು ಮಂಕಾಗುತ್ತದೆ. ಆಗ ಹೊಳಪನ್ನು ಕೈಯಿಂದಲೇ ಏರಿಸಬೇಕು. ಆ ಕೆಲಸ ಪಕ್ಕದ ಸೀಟಿನವರದು, ಚಾಲಕರದಲ್ಲ.