ಏಳನೇ ನರಕ್ಕೆ ಒಂದು ಸಾಲು ಸಾಲದು

ಕಪಾಲ ನರಗಳ ನೋಟ್ಸನ್ನು ಕೋಷ್ಟಕದಲ್ಲಿ ಬರೆದುಕೊಳ್ಳುವ ವೈದ್ಯಕೀಯ ವಿದ್ಯಾರ್ಥಿಗಳು ಸಾಮಾನ್ಯವಾಗಿ 12 ನರಗಳಿಗೆ 12 ಸಾಲು ಎಳೆದು, ನ್ಯೂಕ್ಲಿಯಸ್, ಕೆಲಸ, ಪರೀಕ್ಷೆ, ಹಾನಿಯ ಪರಿಣಾಮ ಎಂದು ನಾಲ್ಕು ಕಾಲಂ ಮಾಡುತ್ತಾರೆ. ಕಾಲಂಗಳು ಸರಿಯಾಗಿಯೇ ಇವೆ. ತೊಡಕಿರುವುದು ಸಾಲುಗಳಲ್ಲಿ. ಸಾಲು ನರಕ್ಕೊಂದು ಇರಬಾರದು, ನ್ಯೂಕ್ಲಿಯಸ್‌ಗೊಂದು ಇರಬೇಕು ಎಂಬುದು ಈ ಕೋಷ್ಟಕದೊಡನೆ ಒಡನಾಡುತ್ತ ನಾನು ಕಂಡುಕೊಂಡದ್ದು. ಏಳನೆಯದಾದ ಫೇಶಿಯಲ್ ನರವನ್ನೇ ತೆಗೆದುಕೊಳ್ಳಿ. ಮುಖದ ಸ್ನಾಯುಗಳನ್ನೂ ಕಿವಿಯೊಳಗಿನ ಸ್ಟೆಪೀಡಿಯಸ್ ಎಂಬ ಪುಟ್ಟ ಸ್ನಾಯುವನ್ನೂ ಆಡಿಸುವ ಎಳೆಗಳು ಪಾನ್ಸ್‌ನಲ್ಲಿರುವ ಮೋಟಾರ್ ನ್ಯೂಕ್ಲಿಯಸ್‌ನಿಂದ ಹೊರಡುತ್ತವೆ. ಕಣ್ಣೀರು ಮತ್ತು ಜೊಲ್ಲಿನ ಎಳೆಗಳು ಸುಪೀರಿಯರ್ ಸಲೈವೇಟರಿ ನ್ಯೂಕ್ಲಿಯಸ್‌ನವು. ನಾಲಿಗೆಯ ಮುಂದಿನ ಮೂರನೇ ಎರಡು ಭಾಗದ ರುಚಿ ಸಾಲಿಟರಿ ನ್ಯೂಕ್ಲಿಯಸ್‌ಗೆ ಹೋಗಿ ಸೇರುತ್ತದೆ. ಇವೆಲ್ಲವನ್ನೂ ಒಂದೇ ಸಾಲಿಗೆ ತುರುಕಿದರೆ ಯಾವ ಪರೀಕ್ಷೆ ಯಾವ ನ್ಯೂಕ್ಲಿಯಸ್‌ನ ಎಳೆಗಳನ್ನು ಪರೀಕ್ಷಿಸುತ್ತಿದೆ ಎಂಬುದೇ ಕಳೆದುಹೋಗುತ್ತದೆ.

ಸಾಲುಗಳನ್ನು ಬೇರೆ ಮಾಡಿದಾಗ ಪ್ರತಿ ಪರೀಕ್ಷೆಗೂ ಅರ್ಥ ಬರುತ್ತದೆ. ಹುಬ್ಬು ಏರಿಸಿ, ಕಣ್ಣು ಬಿಗಿಯಾಗಿ ಮುಚ್ಚಿ, ಹಲ್ಲು ತೋರಿಸಿ, ಕೆನ್ನೆ ಉಬ್ಬಿಸಿ ಎನ್ನುವುದು ಮೊದಲ ಸಾಲಿನದು. ಕೆಳರೆಪ್ಪೆಗೆ ಸೋಸುಕಾಗದದ ಪಟ್ಟಿ ಸಿಕ್ಕಿಸಿ 5 ನಿಮಿಷದಲ್ಲಿ ಎಷ್ಟು ಒದ್ದೆಯಾಯಿತೆಂದು ನೋಡುವ ಶಿರ್ಮರ್ ಪರೀಕ್ಷೆ ಎರಡನೆಯದರದು. ನಾಲಿಗೆಯ ಒಂದು ಪಕ್ಕಕ್ಕೆ ಉಪ್ಪು ಇಲ್ಲವೇ ಸಕ್ಕರೆ ಸವರುವುದು ಮೂರನೆಯದರದು. ಇಲ್ಲಿ ರೋಗಿ ನಾಲಿಗೆ ಒಳಗೆಳೆದುಕೊಂಡು ಉತ್ತರ ಹೇಳಬಾರದು, ಬರೆದಿಟ್ಟ ಪದವನ್ನು ಬೆರಳಿನಿಂದ ತೋರಿಸಬೇಕು. ಎಳೆದುಕೊಂಡರೆ ರುಚಿ ಇನ್ನೊಂದು ಪಕ್ಕಕ್ಕೂ ಹರಡಿ ಪರೀಕ್ಷೆ ಕೆಡುತ್ತದೆ.

ನಾಲ್ಕನೇ ಕಾಲಂ ಅನ್ನು ಮತ್ತೆ ಒಡೆಯಬೇಕು: ನ್ಯೂಕ್ಲಿಯಸ್‌ನ ಮೇಲೆ, ನ್ಯೂಕ್ಲಿಯಸ್ ಇರುವಲ್ಲಿ, ನರದ ದಾರಿಯಲ್ಲಿ. ಹಣೆಯ ಸ್ನಾಯುಗಳನ್ನು ನೋಡಿಕೊಳ್ಳುವ ನರಕೋಶಗಳಿಗೆ ಮಿದುಳಿನ ಎರಡೂ ಗೋಳಾರ್ಧಗಳಿಂದ ಆಜ್ಞೆ ಬರುತ್ತದೆ; ಮುಖದ ಕೆಳಭಾಗದವಕ್ಕೆ ಮುಖ್ಯವಾಗಿ ಎದುರು ಬದಿಯಿಂದ. ಹಾಗಾಗಿ ಬಲ ಗೋಳಾರ್ಧದಲ್ಲಿ ಸ್ಟ್ರೋಕ್ ಆದರೆ ಎಡ ಬಾಯಿ ಜೋಲುತ್ತದೆ, ಹಣೆಯ ನೆರಿಗೆ ಉಳಿಯುತ್ತದೆ. ಈಗ ಎಡ ಹಣೆಯಲ್ಲಿ ನೆರಿಗೆ ಬಾರದ, ಎಡಗಣ್ಣು ಮುಚ್ಚಲಾಗದ ಒಬ್ಬ ರೋಗಿಯನ್ನು ಊಹಿಸಿಕೊಳ್ಳಿ. ಇಡೀ ಅರ್ಧ ಮುಖ ಸೋತಿರುವುದರಿಂದ ತೊಂದರೆ ನ್ಯೂಕ್ಲಿಯಸ್‌ನಲ್ಲಿ ಅಥವಾ ಅದರ ಕೆಳಗೆ. ಕಣ್ಣೀರು ಸರಿಯಿದೆ, ಆದರೆ ಪಾತ್ರೆ ಬಿದ್ದ ಸದ್ದೂ ಕಿವಿಗೆ ಚುಚ್ಚುತ್ತದೆ, ಆ ಬದಿಯ ರುಚಿ ಹೋಗಿದೆ ಎಂದರೆ ಕಣ್ಣೀರಿನ ಕವಲು ಒಡೆದ ಮೇಲೆ, ಸ್ಟೆಪೀಡಿಯಸ್‌ನ ಕವಲು ಒಡೆಯುವ ಮೊದಲು, ಕಿವಿಯ ಮೂಳೆಯೊಳಗೆ ನರ ಕೆಟ್ಟಿದೆ. ರುಚಿ, ಕಣ್ಣೀರು, ಶ್ರವಣ ಎಲ್ಲ ಸರಿಯಿದ್ದು ಚಲನೆ ಮಾತ್ರ ಹೋಗಿದ್ದರೆ ನರ ಮೂಳೆಯಿಂದ ಹೊರಬಿದ್ದ ನಂತರದ ಪೆರೋಟಿಡ್ ಗ್ರಂಥಿಯನ್ನು ಮುಟ್ಟಿ ನೋಡಬೇಕು. ಇನ್ನು, ಮುಖದ ಸೋಲಿನ ಜೊತೆಗೆ ಎರಡೂ ಕಣ್ಣುಗಳು ಎಡಕ್ಕೆ ತಿರುಗದಿದ್ದರೆ ಹಾನಿ ಪಾನ್ಸ್‌ನಲ್ಲೇ ಇದೆ, ಏಕೆಂದರೆ ಏಳನೇ ನರದ ಎಳೆಗಳು ಆರನೆಯದರ ನ್ಯೂಕ್ಲಿಯಸ್ಸನ್ನು ಸುತ್ತಿಕೊಂಡೇ ಹೊರಬರುತ್ತವೆ. ನರಕ್ಕೊಂದು ಸಾಲಿನ ಕೋಷ್ಟಕದಲ್ಲಿ ಈ ನೆರೆಹೊರೆ ಕಾಣಿಸುವುದೇ ಇಲ್ಲ.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ. ಬೆಲ್ಸ್ ಪಾಲ್ಸಿಯಲ್ಲಿ ಇಂಥ ಲೆಕ್ಕಾಚಾರ ಎಷ್ಟೋ ಸಲ ಹೊಂದುವುದಿಲ್ಲ. ಊತ ನರದುದ್ದಕ್ಕೂ ಒಂದೇ ಸಮನಾಗಿ ಇರದೆ ಎಳೆಗಳು ಅಲ್ಲಲ್ಲಿ ಕೆಡುವುದರಿಂದ ಕಣ್ಣೀರಿನ ಫಲಿತಾಂಶ ಒಂದು ಜಾಗ ಹೇಳಿದರೆ ರುಚಿ ಇನ್ನೊಂದು ಜಾಗ ಹೇಳುತ್ತದೆ. ಹಣೆಯ ನಿಯಮಕ್ಕೂ ಮಿತಿಯಿದೆ: ಪೆರೋಟಿಡ್‌ನೊಳಗೆ ಕೆಳಮುಖದ ಕವಲು ಮಾತ್ರ ಕತ್ತರಿಸಿದರೂ ಹಣೆ ಉಳಿದು ಸ್ಟ್ರೋಕ್‌ನಂತೆ ಕಾಣುತ್ತದೆ. ಈ ಮಾತುಗಳನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಅವುಗಳಿಂದ ಕೋಷ್ಟಕ ಬೇಡವೆಂದಾಗುವುದಿಲ್ಲ. ಆಯಾ ಚೌಕದಲ್ಲೇ ಈ ಅಪವಾದವನ್ನೂ ಬರೆಯಬೇಕು ಎಂದಾಗುತ್ತದೆ. ಅಪವಾದ ಯಾವ ಚೌಕಕ್ಕೆ ಸೇರಬೇಕೆಂದು ಗೊತ್ತಾಗುವುದು ಚೌಕಗಳು ಬೇರೆಬೇರೆ ಇದ್ದಾಗ ಮಾತ್ರ.

ಒಂದೇ ನ್ಯೂಕ್ಲಿಯಸ್ ಹಲವು ನರಗಳಿಗೆ ಹಂಚಿಹೋಗಿರುವಾಗ ಗೊಂದಲವಾಗುವುದಿಲ್ಲವೇ ಎಂದೂ ಕೇಳಬಹುದು. ಸಾಲಿಟರಿ ನ್ಯೂಕ್ಲಿಯಸ್‌ಗೆ 7, 9, 10ನೇ ನರಗಳಿಂದ ರುಚಿ ಬರುತ್ತದೆ. ನ್ಯೂಕ್ಲಿಯಸ್ ಆಂಬಿಗ್ಯುಯಸ್ 9 ಮತ್ತು 10ಕ್ಕೆ ಸೇರಿದ್ದು. ಸಾಲಿನ ಅಂಚಿನಲ್ಲಿ ನರದ ಸಂಖ್ಯೆಗಳನ್ನು ಬರೆದಿಟ್ಟರೆ ಸಾಕು, ಮೆಡುಲಾದ ಪಕ್ಕದ ಭಾಗಕ್ಕೆ ರಕ್ತ ನಿಂತಾಗ ನುಂಗುವುದೂ ದನಿಯೂ ಒಟ್ಟಿಗೆ ಏಕೆ ಕೆಡುತ್ತವೆ ಎಂಬುದಕ್ಕೆ ಆ ಒಂದು ಸಾಲೇ ಉತ್ತರವಾಗುತ್ತದೆ. ಮೊದಲೆರಡು ನರಗಳಾದ ವಾಸನೆ ಮತ್ತು ದೃಷ್ಟಿಯ ನರಗಳನ್ನು ಮಾತ್ರ ಇದರಲ್ಲಿ ಸೇರಿಸಬೇಡಿ, ಬೇರೆ ಹಾಳೆಯಲ್ಲಿ ಬರೆದುಕೊಳ್ಳಿ. ಮಿದುಳುಕಾಂಡದಲ್ಲಿ ಉಳಿದ ನರಗಳಿಗಿರುವಂಥ ನ್ಯೂಕ್ಲಿಯಸ್ ಅವಕ್ಕಿಲ್ಲ.