ಅವಳು ಸೇದುವುದಿಲ್ಲ, ನೀನು ಸೇದುತ್ತೀಯ

ಮಗಾ, ನಿನ್ನ ಹೆಂಡತಿಗೆ ಮೂರು ತಿಂಗಳು ತುಂಬಿದ ಸುದ್ದಿಯನ್ನು ನಿಮ್ಮಮ್ಮ ಫೋನಿನಲ್ಲಿ ಹೇಳಿದರು. ಕೇಳಿ ಜೀವ ತಣ್ಣಗಾಯಿತು. ನೀನೀಗ ಮನೆಯೊಳಗೆ ಸಿಗರೇಟು ಹಚ್ಚುವುದಿಲ್ಲ, ಬಾಲ್ಕನಿಗೆ ಹೋಗುತ್ತೀಯ ಎಂದೂ ಹೇಳಿದರು. ಅಷ್ಟು ಕಾಳಜಿ ಬಂದಿರುವುದು ಒಳ್ಳೆಯದೇ. ಆದರೆ ಅಷ್ಟು ಸಾಲದು. ಹೆರಿಗೆ ವಾರ್ಡಿನಲ್ಲಿ ದಾದಿಯಾಗಿ ನಿವೃತ್ತಳಾದ ನಿನ್ನ ಸೋದರತ್ತೆಗೆ ಇದನ್ನು ಹೇಳುವ ಹಕ್ಕಿದೆ ಎಂದುಕೊಂಡು ಬರೆಯುತ್ತಿದ್ದೇನೆ.

ನಮ್ಮ ಕಡೆ ಬೀಡಿ, ಸಿಗರೇಟು ಸೇದುವ ಹೆಂಗಸರು ಕಡಿಮೆ. ಹಾಗಾಗಿ ಬಸುರಿಗೆ ತಂಬಾಕಿನ ವಿಷಯ ಹೇಳುವುದೇ ಬೇಡ ಎಂದು ಮನೆಯವರೆಲ್ಲ ಅಂದುಕೊಳ್ಳುತ್ತಾರೆ. ಅವಳಿಗೆ ಪಪ್ಪಾಯಿ ತಿನ್ನಬೇಡ ಎನ್ನುವವರು ಹತ್ತು ಜನ ಸಿಗುತ್ತಾರೆ. ಅವಳ ಪಕ್ಕದಲ್ಲಿ ಕೂತು ಹೊಗೆ ಬಿಡುವ ಗಂಡನಿಗೆ ಏಳು ಎನ್ನುವವರು ಒಬ್ಬರೂ ಇರುವುದಿಲ್ಲ.

ಒಬ್ಬಾಕೆಯ ವಿಷಯ ಹೇಳುತ್ತೇನೆ. ಇಪ್ಪತ್ತೆರಡರ ಹುಡುಗಿ, ಚೊಚ್ಚಲು. ಒಂದೇ ಕೋಣೆಯ ಬಾಡಿಗೆ ಮನೆ. ಗಂಡ ಗಾರೆ ಕೆಲಸ ಮಾಡುತ್ತಿದ್ದ, ಬೆಳಗ್ಗೆ ಎದ್ದಾಗ ಒಂದು ಬೀಡಿ, ರಾತ್ರಿ ಊಟವಾದ ಮೇಲೆ ಮೂರು ನಾಲ್ಕು. ಅವಳಂತೂ ಎಲೆಅಡಿಕೆಯನ್ನೂ ಮುಟ್ಟಿದವಳಲ್ಲ. ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ 9 ಎಂದಿತ್ತು. ಇಪ್ಪತ್ತು ವಾರ ದಾಟಿದ ಮೇಲೆ ನಾವು ಟೇಪು ಹಿಡಿದು ಹೊಟ್ಟೆ ಅಳೆಯುತ್ತೇವೆ. ಎಷ್ಟು ವಾರವೋ ಹೆಚ್ಚುಕಡಿಮೆ ಅಷ್ಟೇ ಸೆಂಟಿಮೀಟರ್ ಇರಬೇಕು. ಅವಳಿಗೆ 30 ವಾರಕ್ಕೆ 26 ಬಂತು. ಮೂರಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಸ್ಕ್ಯಾನಿಂಗಿಗೆ ಕಳಿಸಲೇಬೇಕು. ಮಗು ಬೆಳೆಯುತ್ತಿರುವುದು ನಿಧಾನ ಎಂದು ಸ್ಕ್ಯಾನಿಂಗಿನಲ್ಲೂ ಗೊತ್ತಾಯಿತು. ಹೆರಿಗೆಯಾದಾಗ ಕೂಸು 2,100 ಗ್ರಾಂ ತೂಗಿತು. ಒಂದೇ ಮಗುವನ್ನು ತೋರಿಸಿ ಇದಕ್ಕೆ ಬೀಡಿಯೇ ಕಾರಣ ಎಂದು ಯಾರೂ ಹೇಳಲಾರರು. ಅವಳಿಗೆ ರಕ್ತಹೀನತೆಯೂ ಇತ್ತು, ಊಟವೂ ಅಷ್ಟಕ್ಕಷ್ಟೇ. ಆದರೆ ಹೊಗೆಯೂ ರಕ್ತಹೀನತೆಯೂ ಸೇರಿದಾಗ ಏನಾಗುತ್ತದೆಂದು ತಿಳಿದರೆ, ಆ ಬೀಡಿಯನ್ನು ಲೆಕ್ಕದಿಂದ ಬಿಡಲು ನಿನಗೂ ಮನಸ್ಸಾಗುವುದಿಲ್ಲ.

ಬೀಡಿ, ಸಿಗರೇಟಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲವಿದೆ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿರುವ ಹಿಮೋಗ್ಲೋಬಿನ್ನನ್ನು ಆಮ್ಲಜನಕ ಹೊತ್ತೊಯ್ಯುವ ಬಸ್ಸು ಎಂದುಕೋ. ಈ ಅನಿಲ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಆ ಸೀಟು ಹಿಡಿಯುತ್ತದೆ, ಗಂಟೆಗಟ್ಟಲೆ ಏಳುವುದಿಲ್ಲ. ತಾಯಿಯ ರಕ್ತದಿಂದ ಮಾಸು ದಾಟಿ ಮಗುವಿನ ರಕ್ತಕ್ಕೂ ಸೇರುತ್ತದೆ, ಅಲ್ಲಿ ತಾಯಿಯಲ್ಲಿರುವುದಕ್ಕಿಂತ ತುಸು ಹೆಚ್ಚೇ ನಿಲ್ಲುತ್ತದೆ. ಹಿಮೋಗ್ಲೋಬಿನ್ 9 ಇರುವವಳಲ್ಲಿ ಸೀಟುಗಳೇ ಕಡಿಮೆ. ಇದ್ದುದರಲ್ಲೂ ಒಂದಷ್ಟನ್ನು ಗಂಡನ ಬೀಡಿ ಕಸಿದುಕೊಳ್ಳುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆಯಿದೆ. ನಮ್ಮಲ್ಲಿ ಈ ಮಾತು ಎಷ್ಟು ಮನೆಗಳದ್ದು ಎಂದು ಯೋಚಿಸು.

ಇದರ ಜೊತೆಗೆ ನಿಕೋಟಿನ್. ಅದು ಮಾಸಿಗೆ ರಕ್ತ ಒಯ್ಯುವ ನಾಳಗಳನ್ನು ಕಿರಿದಾಗಿಸುತ್ತದೆ. ಹೀಗೆ ಬರುವ ರಕ್ತವೂ ಕಡಿಮೆ, ಬಂದ ರಕ್ತದಲ್ಲಿ ಆಮ್ಲಜನಕವೂ ಕಡಿಮೆ. ತಾಯಿಯೇ ಸೇದುವವಳಾದರೆ ಮಗುವಿನ ತೂಕ ಸರಾಸರಿ 200 ಗ್ರಾಂನಷ್ಟು ಇಳಿಯುತ್ತದೆ. ದಿನ ತುಂಬುವ ಮೊದಲೇ ಹೆರಿಗೆಯಾಗುವುದು, ಮಾಸು ಬೇಗ ಕಳಚಿ ರಕ್ತಸ್ರಾವವಾಗುವುದು, ಹೊಟ್ಟೆಯಲ್ಲೇ ಮಗು ತೀರಿಕೊಳ್ಳುವುದು, ಇವೆಲ್ಲ ಹೆಚ್ಚುತ್ತವೆ. ಪಕ್ಕದವರ ಹೊಗೆಯನ್ನಷ್ಟೇ ಉಸಿರಾಡುವವಳಲ್ಲಿ ಇಳಿಕೆ ಸರಾಸರಿ 30-40 ಗ್ರಾಂ. ಅಷ್ಟೇ ತಾನೆ ಎನ್ನಬೇಡ. ಹೇಗಿದ್ದರೂ 2,500 ಗ್ರಾಂನ ಗಡಿಯಲ್ಲಿ ತೂಗಾಡುವ ಮಗುವನ್ನು ಆಚೆ ತಳ್ಳಲು ಅಷ್ಟು ಸಾಕು. ಸರಾಸರಿ ಎಂದರೆ ಕೆಲವರಿಗೆ ಅದಕ್ಕಿಂತ ಹೆಚ್ಚು ಎಂದೂ ಅರ್ಥ.

ನಿನಗೆ ಗೊತ್ತಿರಲಿ, ಸೇದುವವನು ಎಳೆದುಕೊಳ್ಳುವ ಹೊಗೆಗಿಂತ ಬೆರಳ ಸಂದಿಯಲ್ಲಿ ಸುಮ್ಮನೆ ಉರಿಯುವ ತುದಿಯಿಂದ ಏಳುವ ಹೊಗೆಯೇ ಕೋಣೆಯಲ್ಲಿ ಹೆಚ್ಚು ತುಂಬುವುದು. ಅದು ಕಡಿಮೆ ಶಾಖದಲ್ಲಿ ಅರೆಬರೆ ಉರಿಯುವುದರಿಂದ ಅದರಲ್ಲಿ ಕಾರ್ಬನ್ ಮೊನಾಕ್ಸೈಡೂ ಹೆಚ್ಚು, ಫಿಲ್ಟರ್ ದಾಟಿ ಬಂದದ್ದೂ ಅಲ್ಲ. ಕಿಟಕಿ ತೆರೆದರೆ, ಫ್ಯಾನ್ ಹಾಕಿದರೆ ಕಣ್ಣಿಗೆ ಕಾಣುವುದು ಕಡಿಮೆಯಾಗುತ್ತದೆ, ಅಷ್ಟೇ. ಅಮೆರಿಕದ ಸರ್ಜನ್ ಜನರಲ್ 2006ರ ವರದಿಯಲ್ಲಿ ಇಂಥ ಹೊಗೆಗೆ ಸುರಕ್ಷಿತ ಪ್ರಮಾಣವೆಂಬುದೇ ಇಲ್ಲ, ಗಾಳಿಯಾಡಿಸುವುದರಿಂದ ಅದು ಹೋಗುವುದಿಲ್ಲ ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ನಿನ್ನ ಬಾಲ್ಕನಿಯ ಬಾಗಿಲು ಹಾಲ್‌ಗೇ ತೆರೆಯುತ್ತದೆ. ಸೇದಿ ಮುಗಿಸಿ ಒಳಗೆ ಬಂದ ಮೇಲೂ ಒಂದಷ್ಟು ಹೊತ್ತು ನಿನ್ನ ಉಸಿರಿನಲ್ಲಿ ಹೊಗೆ ಇರುತ್ತದೆ, ಅಂಗಿಯಲ್ಲಿ, ತಲೆದಿಂಬಿನಲ್ಲಿ ಅದರ ಅಂಶ ಉಳಿದಿರುತ್ತದೆ. ನಾಳೆ ಕೂಸು ಮುಖ ಉಜ್ಜುವುದು ಅದೇ ಅಂಗಿಗೆ. ಹೊಗೆಯ ನಡುವೆ ಮಲಗುವ ಎಳೆಗೂಸುಗಳಲ್ಲಿ ನಿದ್ದೆಯಲ್ಲೇ ಹಠಾತ್ತನೆ ಸಾಯುವ ಅಪಾಯ ಹೆಚ್ಚು, ಕಿವಿ ಸೋರುವುದು, ಉಬ್ಬಸ ಇವೂ ಹೆಚ್ಚು.

ಕುಡಿತದ ಮಾತು ಬೇರೆ. ನೀನು ಕುಡಿದ ಮದ್ಯ ಗಾಳಿಯಲ್ಲಿ ತೇಲಿ ಮಗುವನ್ನು ಮುಟ್ಟುವುದಿಲ್ಲ, ಅವಳು ಕುಡಿದರೆ ಮಾತ್ರ. ಆದರೆ ಮುಟ್ಟಿದರೆ ಪೂರ್ತಿ ಮುಟ್ಟುತ್ತದೆ. ಮಾಸು ಅದನ್ನು ತಡೆಯುವುದಿಲ್ಲ, ತಾಯಿಯ ರಕ್ತದಲ್ಲಿ ಎಷ್ಟೋ ಮಗುವಿನ ರಕ್ತದಲ್ಲೂ ಹೆಚ್ಚುಕಡಿಮೆ ಅಷ್ಟೇ. ಅದನ್ನು ಕರಗಿಸುವಷ್ಟು ಮಗುವಿನ ಲಿವರ್ ಬಲಿತಿರುವುದಿಲ್ಲ. ಹೊರಹೋದದ್ದು ಸುತ್ತಲಿನ ನೀರಿಗೆ ಸೇರುತ್ತದೆ, ಮಗು ಮತ್ತೆ ಅದನ್ನೇ ನುಂಗುತ್ತದೆ. 1973ರಲ್ಲಿ ಸಿಯಾಟಲ್‌ನ ವೈದ್ಯರು ವಿಪರೀತ ಕುಡಿಯುತ್ತಿದ್ದ ತಾಯಂದಿರ ಮಕ್ಕಳಲ್ಲಿ ಒಂದೇ ರೀತಿಯ ಮುಖಲಕ್ಷಣ ಗುರುತಿಸಿದರು: ಚಿಕ್ಕ ಕಣ್ಣು, ತೆಳು ಮೇಲ್ದುಟಿ, ಮೂಗಿನ ಕೆಳಗಿನ ಗುಳಿ ಮಾಸಿ ಹೋದಂತೆ. ಮುಖ ಸರಿಯಿದ್ದ ಮಕ್ಕಳಲ್ಲೂ ಕಲಿಕೆ, ನೆನಪು, ಸಹನೆ ಕುಂದಿರುವುದು ಆಮೇಲೆ ತಿಳಿಯಿತು. ಮಿದುಳು ಒಂಬತ್ತು ತಿಂಗಳೂ ಬೆಳೆಯುತ್ತಿರುತ್ತದೆ, ಹಾಗಾಗಿ ಈ ತಿಂಗಳಲ್ಲಿ ಪರವಾಗಿಲ್ಲ ಎನ್ನುವಂತಿಲ್ಲ. ಇಷ್ಟು ಕುಡಿದರೆ ತೊಂದರೆಯಿಲ್ಲ ಎಂಬ ಅಳತೆ ಯಾರಿಗೂ ಸಿಕ್ಕಿಲ್ಲ. ವೈನ್ ಆದರೂ ಬಿಯರ್ ಆದರೂ ಒಳಗಿರುವ ಮದ್ಯಸಾರ ಒಂದೇ.

ಬಸುರಾಗಿದ್ದು ಗೊತ್ತಾಗುವ ಮೊದಲು ಯಾವುದೋ ಪಾರ್ಟಿಯಲ್ಲಿ ಅವಳು ಒಂದು ಗ್ಲಾಸು ಕುಡಿದಿದ್ದರೆ ಅದನ್ನೇ ಹಿಡಿದು ಹೆದರಿಸಬೇಡಿ. ಡಾಕ್ಟರಿಗೆ ಹೇಳಲಿ, ಇನ್ನು ಬಿಡಲಿ. ದಿನವೂ ಹೆಚ್ಚು ಕುಡಿಯುವ ಹೆಂಗಸು ಮಾತ್ರ ತಾನಾಗಿ ಒಂದೇ ಏಟಿಗೆ ನಿಲ್ಲಿಸಬಾರದು, ಫಿಟ್ಸ್ ಬರಬಹುದು, ಆಸ್ಪತ್ರೆಯಲ್ಲೇ ಬಿಡಿಸಬೇಕು.

ಈಗ ನಿನ್ನದು. ನಿನ್ನ ರಕ್ತದಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಬಿಟ್ಟ ಒಂದೆರಡು ದಿನದಲ್ಲೇ ಇಳಿದುಹೋಗುತ್ತದೆ, ಅವಳದೂ ಹಾಗೆಯೇ. ಈಗಷ್ಟೇ ಮೂರು ತಿಂಗಳು. ಮಗುವಿನ ತೂಕ ಮುಖ್ಯವಾಗಿ ಏರುವುದು ಮುಂದೆ, ಹಾಗಾಗಿ ಇವತ್ತು ಬಿಟ್ಟರೂ ಅದಕ್ಕೆ ಲಾಭ. ಮೊದಲ ಮೂರು ದಿನ ಕಷ್ಟ. ಸಿಡುಕು, ತಲೆನೋವು, ನಿದ್ದೆ ಬರುವುದಿಲ್ಲ. ಸೇದಬೇಕೆನ್ನುವ ಚಡಪಡಿಕೆ ಬಂದಾಗ ಐದ್ಹತ್ತು ನಿಮಿಷ ತಳ್ಳಿದರೆ ಅದು ತಾನಾಗಿ ಇಳಿಯುತ್ತದೆ, ಎದ್ದು ಓಡಾಡು, ನೀರು ಕುಡಿ. ಒಬ್ಬನೇ ಆಗದಿದ್ದರೆ 1800-11-2356ಕ್ಕೆ ಫೋನ್ ಮಾಡು, ದುಡ್ಡಿಲ್ಲ, ಪ್ಯಾಕೆಟ್ಟಿನ ಮೇಲೇ ಇದೆ. ನಿಕೋಟಿನ್ ಗಮ್ಮನ್ನು ನಿನಗೆ ಡಾಕ್ಟರು ಕೊಡಬಹುದು. ಗುಟ್ಕಾಕ್ಕೆ ಬದಲಾಯಿಸಿಕೊಂಡು ಬಿಟ್ಟೆ ಎನ್ನಬೇಡ.

ಸೀಮಂತಕ್ಕೆ ನಿಮ್ಮ ದೊಡ್ಡಪ್ಪ ಬರುತ್ತಾರೆ, ಊಟವಾದ ಮೇಲೆ ಪಡಸಾಲೆಯಲ್ಲೇ ಬೀಡಿ ಹಚ್ಚುವುದು ಅವರ ಅಭ್ಯಾಸ. ಹಿರಿಯರಿಗೆ ಹೇಗೆ ಹೇಳುವುದು ಎಂದು ನೀನು ಹಿಂಜರಿಯುತ್ತೀಯ, ಸೊಸೆಯಾದವಳಿಗಂತೂ ಹೇಳಲು ಬಾಯೇ ಬರುವುದಿಲ್ಲ. ನನಗೆ ಮೊದಲೇ ಫೋನ್ ಮಾಡು. ಅವರಿಗೆ ನಾನೇ ಹೇಳುತ್ತೇನೆ.